‘ಮೈಸೆಲ್ಫ್ ಸವಿತಾ’: ಪರಿಚಯದ ಮೊದಲ ಸಾಲು ಎಲ್ಲಿ ತಪ್ಪುತ್ತದೆ, ಹೇಗೆ ತಿದ್ದಬೇಕು

(ಕಾರವಾರದಲ್ಲಿ ಹೊಸದಾಗಿ ನೌಕರಿಗೆ ಸೇರಿದವರ ಎದುರು ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಇಂಗ್ಲಿಷ್ ವಾಕ್ಯಗಳನ್ನು ಬಾಯಲ್ಲಿ ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಇಟ್ಟಿದೆ.)

ಎಲ್ಲರಿಗೂ ನಮಸ್ಕಾರ.

ನೌಕರಿಯ ಮೊದಲ ದಿನ ಮೀಟಿಂಗ್ ಕೋಣೆಯಲ್ಲಿ ಹತ್ತು ಹದಿನೈದು ಜನ ಕೂತಿರುತ್ತಾರೆ. ಸಾಹೇಬರು ನಿಮ್ಮ ಕಡೆ ತಿರುಗಿ, ‘ಪ್ಲೀಸ್ ಇಂಟ್ರಡ್ಯೂಸ್ ಯುವರ್‌ಸೆಲ್ಫ್’ ಅನ್ನುತ್ತಾರೆ. ನೀವು ಎದ್ದು ನಿಂತು ಹೇಳುವ ಮೊದಲ ಸಾಲು ‘ಮೈಸೆಲ್ಫ್ ಸವಿತಾ’ ಎಂದಿಟ್ಟುಕೊಳ್ಳೋಣ. ಇವತ್ತು ನಾನು ಮಾತಾಡುವುದು ಈ ಎರಡು ಶಬ್ದಗಳ ಬಗ್ಗೆ ಮಾತ್ರ. ವ್ಯಾಕರಣದ ಪುಸ್ತಕ ಇದು ತಪ್ಪು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ತಪ್ಪು ಎಂದು ಗೊತ್ತಿದ್ದವರ ಬಾಯಲ್ಲೂ ಅದೇ ಸಾಲು ಮತ್ತೆ ಬರುತ್ತದೆ. ಎಲ್ಲಿಂದ ಬರುತ್ತದೆ ಎಂದು ತಿಳಿಯದಿದ್ದರೆ ಅದು ಬಿಡುವುದಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ‘ಮೈಸೆಲ್ಫ್ ಸವಿತಾ’ ಎನ್ನುವಲ್ಲಿ ‘ಮೈಸೆಲ್ಫ್’ ತೆಗೆದು ‘ಐ’ ಇಡಿ. ‘ಐ ಸವಿತಾ.’ ಕಿವಿಗೆ ತಟ್ಟನೆ ತಾಗುತ್ತದೆ, ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ. ಕಡಿಮೆಯಾದದ್ದು ‘ಆಮ್’, ಅಂದರೆ ಕ್ರಿಯಾಪದ. ಅಂದರೆ ಆ ಎರಡು ಶಬ್ದಗಳ ಸಾಲಿನಲ್ಲಿ ಎರಡು ತಪ್ಪುಗಳಿವೆ. ‘ಐ’ ಕೂರಬೇಕಾದ ಜಾಗದಲ್ಲಿ ‘ಮೈಸೆಲ್ಫ್’ ಕೂತಿದೆ, ಕ್ರಿಯಾಪದ ಬರಲೇ ಇಲ್ಲ. ‘ಮೈಸೆಲ್ಫ್’ ಉದ್ದನೆಯ, ತೂಕದ ಶಬ್ದವಾದ್ದರಿಂದ ಎರಡನೆಯ ತಪ್ಪು ಅದರ ಹಿಂದೆ ಅಡಗಿಕೊಳ್ಳುತ್ತದೆ. ‘ಐ ಸವಿತಾ’ ಎಂದರೆ ಒಪ್ಪದ ಕಿವಿ ‘ಮೈಸೆಲ್ಫ್ ಸವಿತಾ’ ಎಂದರೆ ಒಪ್ಪಿಕೊಳ್ಳುವುದು ಇದಕ್ಕೇ.

ಕ್ರಿಯಾಪದ ಏಕೆ ಬಿಟ್ಟುಹೋಗುತ್ತದೆ ಎನ್ನುವುದು ಸುಲಭ. ‘ನಾನು ಸವಿತಾ’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಯಿತು. ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ‘ಆನು ಸವಿತಾ’ ಎಂದರೂ ಪೂರ್ತಿಯೇ. ಕಾರವಾರದ ಕೊಂಕಣಿ ಮನೆಯಲ್ಲಿ ‘ಹಾಂವ್ ಸವಿತಾ’ ಎಂದರೂ ಅಷ್ಟೇ. ಯಾರೂ ‘ನಾನು ಸವಿತಾ ಆಗಿದ್ದೇನೆ’ ಎನ್ನುವುದಿಲ್ಲ. ಅಂದರೆ ಕೇಳಿದವರು ನಕ್ಕಾರು. ಈ ಮನೆಮಾತುಗಳಲ್ಲಿ ಯಾವುದರಿಂದ ಬಂದರೂ ಹೆಸರು ಹೇಳುವಾಗ ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷಿಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ‘ಆಮ್’ ಅಥವಾ ‘ಈಸ್’ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ.

ಆದರೆ ‘ಐ’ ಬಿಟ್ಟು ‘ಮೈಸೆಲ್ಫ್’ ಏಕೆ ಬಂತು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಈ ಒಂದು ಶಬ್ದ ನಾಲ್ಕಾರು ಕಡೆಯಿಂದ ಬಂದು ಒಂದೇ ನಾಲಿಗೆಯ ಮೇಲೆ ಕೂರುತ್ತದೆ.

ಒಂದು ದಾರಿ ಪ್ರಶ್ನೆಯದ್ದೇ. ‘ಇಂಟ್ರಡ್ಯೂಸ್ ಯುವರ್‌ಸೆಲ್ಫ್’, ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’ ಎಂದು ಕೇಳುತ್ತಾರೆ. ಪ್ರಶ್ನೆಯ ಕೊನೆಯ ಶಬ್ದ ‘ಯುವರ್‌ಸೆಲ್ಫ್’. ಹೆದರಿದ ಮನಸ್ಸು ಕೊನೆಗೆ ಕೇಳಿದ ಶಬ್ದವನ್ನೇ ಹಿಡಿದು, ‘ಯುವರ್’ ಜಾಗಕ್ಕೆ ‘ಮೈ’ ಹಾಕಿ ಉತ್ತರ ಶುರುಮಾಡುತ್ತದೆ. ‘ವಾಟ್ ಈಸ್ ಯುವರ್ ನೇಮ್’ ಎಂದು ಕೇಳಿದರೆ ಅದೇ ಹುಡುಗಿ ತಪ್ಪದೆ ‘ಮೈ ನೇಮ್ ಈಸ್ ಸವಿತಾ’ ಅನ್ನುತ್ತಾಳೆ. ಅಲ್ಲೂ ಪ್ರಶ್ನೆಯ ಶಬ್ದವನ್ನೇ ಹಿಡಿದಳು, ಆದರೆ ಅಲ್ಲಿ ಹಿಡಿದದ್ದು ಉತ್ತರಕ್ಕೆ ಹೊಂದಿತು. ಈ ವ್ಯತ್ಯಾಸ ನೆನಪಿರಲಿ. ರೂಢಿ ಮಾಡುವಾಗ ಕೆಲಸಕ್ಕೆ ಬರುತ್ತದೆ.

ಎರಡನೆಯದು ಶಾಲೆ. ಪ್ರಾಥಮಿಕ ತರಗತಿಯಲ್ಲಿ ‘ಮೈಸೆಲ್ಫ್’ ಎಂಬ ತಲೆಬರಹದ ಹತ್ತು ಸಾಲಿನ ಪ್ರಬಂಧ ಬಾಯಿಪಾಠ ಮಾಡಿಸುತ್ತಾರೆ. ತಲೆಬರಹವಾಗಿ ಅದು ತಪ್ಪಲ್ಲ. ಮಕ್ಕಳು ಒಪ್ಪಿಸುವಾಗ ತಲೆಬರಹವನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ‘ಮೈಸೆಲ್ಫ್, ಮೈ ನೇಮ್ ಈಸ್ ಸವಿತಾ’ ಎನ್ನುವುದು ವರ್ಷಗಳು ಕಳೆದಂತೆ ಸವೆದು ‘ಮೈಸೆಲ್ಫ್ ಸವಿತಾ’ ಆಗುತ್ತದೆ. ಬ್ಯಾಂಕಿನ ಚೆಕ್ಕಿನಲ್ಲಿ ಸ್ವಂತಕ್ಕೆ ಹಣ ತೆಗೆಯುವಾಗ ಹೆಸರಿನ ಜಾಗದಲ್ಲಿ ‘ಸೆಲ್ಫ್’ ಎಂದು ಬರೆಯುವುದು, ಅರ್ಜಿಯಲ್ಲಿ ಸಂಬಂಧ ಎಂಬ ಕಾಲಮಿನಲ್ಲಿ ‘ಸೆಲ್ಫ್’ ಎಂದು ತುಂಬುವುದು, ಇವೂ ಸೇರಿಕೊಳ್ಳುತ್ತವೆ. ಅಲ್ಲೆಲ್ಲ ‘ಸೆಲ್ಫ್’ ಸರಿಯಾಗಿಯೇ ಇದೆ. ಅವು ವಾಕ್ಯಗಳಲ್ಲ, ಕಾಲಮಿಗೆ ತುಂಬುವ ಒಂಟಿ ಶಬ್ದಗಳು. ಆದರೆ ‘ಸೆಲ್ಫ್ ಅಂದರೆ ನಾನು’ ಎಂದು ಮನಸ್ಸಿನಲ್ಲಿ ಅಚ್ಚು ಬೀಳುತ್ತದೆ.

ಮೂರನೆಯದು ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಆಳದ್ದು, ನಮ್ಮ ಭಾಷೆಯ ಕಟ್ಟೇ. ‘ಮೈಸೆಲ್ಫ್’ ಎನ್ನುವುದಕ್ಕೆ ಕನ್ನಡದಲ್ಲಿ ಸರಿಸಮನಾದ ಒಂದು ಶಬ್ದವಿಲ್ಲ. ಆ ಕೆಲಸವನ್ನು ಕನ್ನಡ ಬೇರೆ ಎರಡು ರೀತಿಯಲ್ಲಿ ಮಾಡುತ್ತದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ತಾಗಿತು ಎನ್ನಿ. ಇಂಗ್ಲಿಷಿನಲ್ಲಿ ‘ಐ ಕಟ್ ಮೈಸೆಲ್ಫ್’. ಕನ್ನಡದಲ್ಲಿ ‘ಕೈ ಕೊಯ್ದುಕೊಂಡೆ’. ನಮ್ಮ ಆಡುಮಾತಿನಲ್ಲಿ ‘ಕೊಯ್ಕಂಡೆ’. ಇಂಗ್ಲಿಷಿನ ‘ಮೈಸೆಲ್ಫ್’ ಕನ್ನಡದಲ್ಲಿ ಎಲ್ಲಿಗೆ ಹೋಯಿತು ನೋಡಿ. ಅದು ಕ್ರಿಯಾಪದದ ಬಾಲದಲ್ಲಿ ‘ಕೊಂಡೆ’ ಆಗಿ ಕೂತಿದೆ. ಮಾಡಿದ್ದೂ ನಾನೇ, ಅದು ತಾಗಿದ್ದೂ ನನಗೇ ಎನ್ನುವುದನ್ನು ‘ಕೊಂಡೆ’ ಹೇಳುತ್ತದೆ. ಇನ್ನೊಂದು ರೀತಿ ಒತ್ತಿ ಹೇಳುವಾಗಿನದು. ‘ಈ ಲೆಕ್ಕ ನಾನೇ ಬರೆದೆ’ ಎಂದರೆ ಇಂಗ್ಲಿಷಿನಲ್ಲಿ ‘ಐ ರೋಟ್ ದಿಸ್ ಮೈಸೆಲ್ಫ್’. ಇಲ್ಲಿ ‘ಮೈಸೆಲ್ಫ್’ ನಮ್ಮ ‘ನಾನೇ’ಯ ‘ಏ’ ಆಗಿದೆ. ಕೊಂಕಣಿಯವರು ಇದೇ ಜಾಗದಲ್ಲಿ ‘ಚ್’ ಸೇರಿಸುತ್ತಾರೆ.

ಅಂದರೆ ಇಂಗ್ಲಿಷಿನವರು ಇಡೀ ಒಂದು ಶಬ್ದ ಇಟ್ಟು ಮಾಡುವ ಕೆಲಸಕ್ಕೆ ನಮಗೆ ಬಾಲಕ್ಕೆ ಸೇರುವ ಒಂದು ತುಂಡು ಸಾಕು. ಕಲಿಯುವಾಗ ‘ಮೈಸೆಲ್ಫ್’ ಎಂಬ ಬಿಡಿ ಶಬ್ದ ಸಿಗುತ್ತದೆ, ಅದಕ್ಕೆ ಹೊಂದುವ ಬಿಡಿ ಶಬ್ದ ಕನ್ನಡದಲ್ಲಿ ಸಿಗುವುದಿಲ್ಲ. ಆಗ ಅದನ್ನು ‘ನಾನು’ ಎನ್ನುವುದರ ಮರ್ಯಾದೆಯ ರೂಪವೆಂದು ತಿಳಿದು ಬಳಸುತ್ತೇವೆ. ‘ಐ’ ಒಂದೇ ಅಕ್ಷರ, ಒರಟು ಅನ್ನಿಸುತ್ತದೆ. ‘ಮೈಸೆಲ್ಫ್’ ತುಸು ವಿನಯದ್ದು ಅನ್ನಿಸುತ್ತದೆ. ‘ನೀನು’, ‘ನೀವು’ ಎಂದು ಬೇರೆ ಮಾಡಿ ಮಾತಾಡಿ ರೂಢಿಯಾದ ನಮಗೆ ಹಾಗನ್ನಿಸುವುದು ಸಹಜ. ಇಂಗ್ಲಿಷಿನಲ್ಲಿ ಮಾತ್ರ ‘ಐ’ ಒರಟೂ ಅಲ್ಲ, ‘ಮೈಸೆಲ್ಫ್’ ವಿನಯವೂ ಅಲ್ಲ.

ಇದರ ಜೊತೆಗೆ ಕನ್ನಡದ ‘ತಾನು’ ಒಂದಿದೆ. ‘ತಾನು ನಾಳೆ ಬರುವುದಿಲ್ಲ ಎಂದಳು’ ಎನ್ನುತ್ತೇವೆ. ಇಲ್ಲಿ ‘ತಾನು’ ಕರ್ತೃವಿನ ಜಾಗದಲ್ಲಿ ನೆಟ್ಟಗೆ ಕೂತಿದೆ, ಕನ್ನಡ ಅದನ್ನು ಒಪ್ಪುತ್ತದೆ. ಇದೇ ಅಚ್ಚಿನಲ್ಲಿ ‘ಶಿ ಸೆಡ್ ಹರ್‌ಸೆಲ್ಫ್ ವಿಲ್ ನಾಟ್ ಕಮ್’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ‘ಶಿ ಸೆಡ್ ಶಿ ವುಡ್ ನಾಟ್ ಕಮ್’ ಎನ್ನಬೇಕು. ‘ಮೈಸೆಲ್ಫ್ ಸವಿತಾ’ ಎನ್ನುವವರ ಮಾತಿನಲ್ಲಿ ಈ ತಪ್ಪೂ ಆಗಾಗ ಇರುತ್ತದೆ. ಎರಡಕ್ಕೂ ಬೇರು ಒಂದೇ.

ಈಗ ‘ಮೈಸೆಲ್ಫ್’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯುವ ಪರೀಕ್ಷೆಯ ಮಾತು. ಹೇಳಬೇಕಾದ ಸಾಲನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಅದರಲ್ಲಿ ‘ಕೊಂಡೆ, ಕೊಳ್ಳುತ್ತೇನೆ’ ಅಥವಾ ‘ನಾನೇ’ ಇದೆಯೇ ನೋಡಿ. ‘ನಾನು ಸವಿತಾ’ ಎನ್ನುವಲ್ಲಿ ಎರಡೂ ಇಲ್ಲ, ಆದ್ದರಿಂದ ‘ಮೈಸೆಲ್ಫ್’ ಇಲ್ಲ: ‘ಐ ಆಮ್ ಸವಿತಾ’. ‘ನನ್ನನ್ನು ಪರಿಚಯಿಸಿಕೊಳ್ಳುತ್ತೇನೆ’ ಎನ್ನುವಲ್ಲಿ ‘ಕೊಳ್ಳುತ್ತೇನೆ’ ಇದೆ: ‘ಲೆಟ್ ಮಿ ಇಂಟ್ರಡ್ಯೂಸ್ ಮೈಸೆಲ್ಫ್’. ಇದು ಸರಿಯಾದ ವಾಕ್ಯ, ಧೈರ್ಯವಾಗಿ ಹೇಳಬಹುದು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ‘ಕೊಂಡೆ’ ಇದ್ದ ಕಡೆಯೆಲ್ಲ ‘ಮೈಸೆಲ್ಫ್’ ಹಾಕಬಾರದು. ‘ಕುಳಿತುಕೊಂಡೆ’, ‘ತಿಳಿದುಕೊಂಡೆ’, ‘ಹಿಡಿದುಕೊಂಡೆ’ ಇವು ಬರೀ ‘ಐ ಸ್ಯಾಟ್’, ‘ಐ ಅಂಡರ್‌ಸ್ಟುಡ್’, ‘ಐ ಹೆಲ್ಡ್ ಇಟ್’. ಆದ್ದರಿಂದ ಪರೀಕ್ಷೆಯನ್ನು ಬೇಡ ಎನ್ನುವ ಕಡೆಗೆ ಮಾತ್ರ ನಂಬಿ: ಕನ್ನಡದಲ್ಲಿ ‘ಕೊಂಡೆ’ಯೂ ‘ನಾನೇ’ಯೂ ಬರದ ಸಾಲಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಮೈಸೆಲ್ಫ್’ ಹಾಕಲು ಹೋಗಬೇಡಿ. ‘ನನ್ನ ಬಗ್ಗೆ ಹೇಳುತ್ತೇನೆ’ ಎನ್ನುವಂಥ ಸಾಲು ಇದಕ್ಕೆ ಹೊರತು, ಅದನ್ನು ಮುಂದೆ ನೋಡೋಣ. ಬೇಕು ಎನ್ನುವ ಕಡೆಗೆ ಇನ್ನೊಂದು ಕಾವಲು ಬೇಕು. ಅದೇ ಸಾಲಿನಲ್ಲಿ ಮೊದಲು ‘ಐ’ ಅಥವಾ, ‘ಲೆಟ್ ಮಿ’ಯಲ್ಲಿದ್ದ ಹಾಗೆ, ಕೆಲಸ ಮಾಡುವ ‘ಮಿ’ ಬಂದಿರಬೇಕು. ‘ಮೈಸೆಲ್ಫ್’ ಹಿಂಬಾಲಿಸಿ ಬರುವ ಶಬ್ದ. ಮುಂದೆ ಯಾರೂ ಇಲ್ಲದಾಗ ಅದು ಸಾಲಿನ ತಲೆಯಲ್ಲಿ ಒಂಟಿಯಾಗಿ ನಿಲ್ಲಲಾರದು.

ಇನ್ನು ಒಂದು ಪರಿಚಯವನ್ನು ಪೂರ್ತಿ ತಿದ್ದಿ ನೋಡೋಣ. ಸವಿತಾ ಕುಮಟಾದವಳು, 2023ರಲ್ಲಿ ಬಿಕಾಂ ಮುಗಿಸಿದ್ದಾಳೆ, ಒಂದು ಕಚೇರಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದ್ದಾಳೆ ಎಂದುಕೊಳ್ಳಿ. ಅವಳು ಸಾಮಾನ್ಯವಾಗಿ ಹೀಗೆ ಹೇಳುತ್ತಾಳೆ:

‘ಗುಡ್ ಮಾರ್ನಿಂಗ್ ಟು ಆಲ್. ಮೈಸೆಲ್ಫ್ ಸವಿತಾ ನಾಯ್ಕ. ಐ ಆಮ್ ಬಿಲಾಂಗ್ಸ್ ಟು ಕುಮಟಾ. ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ ಇನ್ 2023. ಐ ಆಮ್ ಹ್ಯಾವಿಂಗ್ ಒನ್ ಬ್ರದರ್. ದಟ್ಸ್ ಆಲ್ ಅಬೌಟ್ ಮೈಸೆಲ್ಫ್.’

ಎರಡನೆಯ ಮತ್ತು ಮೂರನೆಯ ಸಾಲನ್ನು ಒಟ್ಟಿಗೆ ಇಟ್ಟು ನೋಡಿ. ಹೆಸರಿನ ಸಾಲಿನಲ್ಲಿ ಬೇಕಾದ ‘ಆಮ್’ ಇಲ್ಲ. ಊರಿನ ಸಾಲಿನಲ್ಲಿ ಬೇಡದ ‘ಆಮ್’ ಇದೆ, ಏಕೆಂದರೆ ‘ಬಿಲಾಂಗ್ಸ್’ ಎಂಬ ಕ್ರಿಯಾಪದ ಆಗಲೇ ಅಲ್ಲಿದೆ. ‘ಐ ಆಮ್’ ಎಂಬುದು ಅವಳಿಗೆ ಬರದ ಶಬ್ದವೇನಲ್ಲ; ‘ಐ’ ಎಂದ ಕೂಡಲೇ ‘ಆಮ್’ ತಾನಾಗಿ ಅಂಟಿಕೊಳ್ಳುವಷ್ಟು ರೂಢಿಯಾಗಿದೆ. ಹೆಸರಿನ ಸಾಲು ‘ಐ’ ಎಂದು ಶುರುವಾಗದ ಕಾರಣ ಅಲ್ಲಿಗೆ ಮಾತ್ರ ‘ಆಮ್’ ಬರಲಿಲ್ಲ. ಹೀಗಾಗಿ ಮೊದಲ ಶಬ್ದವನ್ನು ‘ಐ’ ಮಾಡಿಬಿಟ್ಟರೆ ಕ್ರಿಯಾಪದವನ್ನು ಬೇರೆಯಾಗಿ ಕಲಿಸಬೇಕಾಗಿಯೇ ಇಲ್ಲ. ಒಂದು ತಿದ್ದಿದರೆ ಎರಡೂ ಸರಿಯಾಗುತ್ತವೆ.

ಊರಿನ ಸಾಲಿಗೆ ‘ಐ ಆಮ್ ಫ್ರಮ್ ಕುಮಟಾ’ ಸಾಕು. ‘ಕುಮಟಾದವಳು’ ಎನ್ನುವ ಕನ್ನಡದ ಒಡೆತನದ ಭಾವ ‘ಬಿಲಾಂಗ್ಸ್’ ಎಂಬುದನ್ನು ಎಳೆದುತರುತ್ತದೆ. ಊರು ಹೇಳಲು ಅದು ಬೇಡ. ಓದಿದ ಸಾಲಿನಲ್ಲಿ 2023 ಎಂದು ವರ್ಷ ಹೇಳಿಯಾಯಿತು. ವರ್ಷ ಹೇಳಿದರೆ ‘ಹ್ಯಾವ್’ ಬಿಡಬೇಕು: ‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2023’. ಅಣ್ಣನ ಸಾಲನ್ನು ಕಚೇರಿಯಲ್ಲಿ ಹೇಳುವ ಅಗತ್ಯವಿಲ್ಲ. ಹೇಳಲೇಬೇಕೆಂದರೆ ‘ಐ ಹ್ಯಾವ್ ಅ ಬ್ರದರ್’.

ಕೊನೆಯ ಸಾಲು ನಿಜಕ್ಕೂ ಸೂಕ್ಷ್ಮ. ‘ಐ ವಿಲ್ ಟೆಲ್ ಯು ಅಬೌಟ್ ಮೈಸೆಲ್ಫ್’ ಸರಿ. ‘ದಟ್ಸ್ ಆಲ್ ಅಬೌಟ್ ಮೈಸೆಲ್ಫ್’ ಸರಿಯಲ್ಲ. ಮೊದಲನೆಯದರಲ್ಲಿ ಹೇಳುವವಳು ‘ಐ’, ಮುಂದೆ ನಿಂತಿದ್ದಾಳೆ. ‘ಮೈಸೆಲ್ಫ್’ ಅವಳನ್ನು ಹಿಂಬಾಲಿಸಿತು. ಎರಡನೆಯದರಲ್ಲಿ ಮುಂದೆ ಇರುವುದು ‘ದಟ್’. ‘ಐ’ ಎಲ್ಲೂ ಇಲ್ಲ, ಆದ್ದರಿಂದ ‘ಅಬೌಟ್ ಮಿ’ ಎನ್ನಬೇಕು. ಇನ್ನೂ ಒಳ್ಳೆಯದೆಂದರೆ ಆ ಸಾಲನ್ನು ಕೈಬಿಟ್ಟು ‘ಥ್ಯಾಂಕ್ ಯು’ ಎಂದು ಕೂರುವುದು. ತಿದ್ದಿದ ಮೇಲೆ ಅವಳ ಪರಿಚಯ ಹೀಗಿರುತ್ತದೆ:

‘ಗುಡ್ ಮಾರ್ನಿಂಗ್, ಎವ್ರಿವನ್. ಐ ಆಮ್ ಸವಿತಾ ನಾಯ್ಕ. ಐ ಆಮ್ ಫ್ರಮ್ ಕುಮಟಾ. ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2023, ಅಂಡ್ ಐ ಹ್ಯಾವ್ ಜಾಯಿನ್ಡ್ ದಿ ಅಕೌಂಟ್ಸ್ ಸೆಕ್ಷನ್ ಆಸ್ ಅ ಜೂನಿಯರ್ ಅಕೌಂಟೆಂಟ್. ಥ್ಯಾಂಕ್ ಯು.’

ಹೇಳಲು ಇಪ್ಪತ್ತು ಸೆಕೆಂಡೂ ಬೇಡ. ಸೇರಿದ ಸಾಲಿನಲ್ಲಿ ‘ಹ್ಯಾವ್’ ಉಳಿದದ್ದನ್ನು ಗಮನಿಸಿ. ಅಲ್ಲಿ ತಾರೀಖು ಹೇಳಿಲ್ಲ, ಸೇರಿದ್ದು ಈಗಿನ ಸಂಗತಿ. ‘ಐ ಆಮ್ ಸವಿತಾ’ ಸರಿಯೋ ‘ಮೈ ನೇಮ್ ಈಸ್ ಸವಿತಾ’ ಸರಿಯೋ ಎಂದು ಕೇಳುವವರಿದ್ದಾರೆ. ಎರಡೂ ಸರಿ, ಎರಡೂ ಸಭ್ಯ. ಫೋನಿನಲ್ಲಿ ಮಾತ್ರ ‘ದಿಸ್ ಈಸ್ ಸವಿತಾ ಫ್ರಮ್ ಅಕೌಂಟ್ಸ್’ ಎನ್ನುವುದು ರೂಢಿ.

ತಿದ್ದಲು ಹೊರಟವರು ಎಡವುವ ಮೂರು ಜಾಗಗಳಿವೆ. ‘ಕ್ರಿಯಾಪದ ಇಲ್ಲ’ ಎಂದು ಯಾರೋ ಹೇಳಿದ್ದನ್ನು ಕೇಳಿ ‘ಮೈಸೆಲ್ಫ್ ಈಸ್ ಸವಿತಾ’ ಎನ್ನುತ್ತಾರೆ. ಅರ್ಧ ತಿದ್ದಿದ ಹಾಗಾಯಿತು. ‘ಐ ಇರಬೇಕು’ ಎಂದು ಕೇಳಿದವರು ‘ಐ ಮೈಸೆಲ್ಫ್ ಸವಿತಾ’ ಎನ್ನುತ್ತಾರೆ. ಈಗ ‘ಐ’ ಬಂತು, ‘ಆಮ್’ ಬರಲಿಲ್ಲ, ಏಕೆಂದರೆ ನಡುವೆ ‘ಮೈಸೆಲ್ಫ್’ ಅಡ್ಡ ನಿಂತಿದೆ. ಮೂರನೆಯವರು ‘ಮೈಸೆಲ್ಫ್ ಅನ್ನಲೇಬಾರದು’ ಎಂದು ಹೆದರಿ ‘ಲೆಟ್ ಮಿ ಇಂಟ್ರಡ್ಯೂಸ್ ಮಿ’ ಎನ್ನುತ್ತಾರೆ. ಅಲ್ಲಿ ‘ಮೈಸೆಲ್ಫ್’ ಬೇಕೇ ಬೇಕು. ಕಲಿಸುವವರು ‘ಮೈಸೆಲ್ಫ್ ತಪ್ಪು’ ಎಂದಷ್ಟೇ ಹೇಳಿ ಬಿಟ್ಟರೆ ಹೀಗೆ ಆಗುತ್ತದೆ. ಶಬ್ದ ತಪ್ಪಲ್ಲ, ಅದು ಕೂತ ಜಾಗ ತಪ್ಪು.

ಇನ್ನು ರೂಢಿ. ಕನ್ನಡಿಯ ಮುಂದೆ ಒಬ್ಬರೇ ನಿಂತು ‘ಐ ಆಮ್ ಸವಿತಾ’ ಎಂದು ನೂರು ಸಲ ಹೇಳಿದರೂ ಮೀಟಿಂಗಿನಲ್ಲಿ ‘ಮೈಸೆಲ್ಫ್’ ಬರಬಹುದು. ಕಾರಣ ಆಗಲೇ ಹೇಳಿದೆ: ಅದನ್ನು ಎಳೆದು ತರುವುದು ಪ್ರಶ್ನೆ. ಆದ್ದರಿಂದ ಪ್ರಶ್ನೆ ಕೇಳಲು ಮನೆಯಲ್ಲಿ ಅಥವಾ ರೂಮಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಅವರು ‘ಇಂಟ್ರಡ್ಯೂಸ್ ಯುವರ್‌ಸೆಲ್ಫ್’ ಎನ್ನಲಿ. ನೀವು ‘ಗುಡ್ ಮಾರ್ನಿಂಗ್, ಎವ್ರಿವನ್’ ಎಂದು ಹೇಳಿ ಬಾಯಿ ಮುಚ್ಚಿ, ಮೂಗಿನಿಂದ ಒಮ್ಮೆ ಉಸಿರು ತೆಗೆದುಕೊಂಡು, ಆಮೇಲೆ ‘ಐ ಆಮ್ ಸವಿತಾ ನಾಯ್ಕ’ ಎನ್ನಿ. ಆ ಒಂದು ಉಸಿರು ಮುಖ್ಯ. ಪ್ರಶ್ನೆಯಲ್ಲಿ ಕೇಳಿದ ‘ಸೆಲ್ಫ್’ ಕಿವಿಯಿಂದ ಇಳಿದುಹೋಗಲು ಅಷ್ಟು ಹೊತ್ತು ಬೇಕು. ಇಡೀ ಪರಿಚಯ ಹೇಳುವುದು ಬೇಡ, ಪ್ರಶ್ನೆ ಮತ್ತು ಹೆಸರಿನ ಸಾಲು ಮಾತ್ರ. ದಿನಕ್ಕೆ ಹತ್ತು ಸಲ, ಒಂದು ವಾರ. ಕೇಳುವವರು ಪ್ರಶ್ನೆಯನ್ನು ಬದಲಿಸುತ್ತಿರಲಿ: ಒಮ್ಮೆ ‘ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್’, ಒಮ್ಮೆ ‘ಅಂಡ್ ಯು ಆರ್?’, ಒಮ್ಮೆ ಬರೀ ಕೈ ತೋರಿಸಲಿ. ‘ಐ ಆಮ್’ ಎರಡನ್ನೂ ಸೇರಿಸಿ ‘ಐಮ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನೂ ರೂಢಿಸಿ. ಅದು ಒಂದೇ ಶಬ್ದವಾಗಿ ಕೂತರೆ ‘ಆಮ್’ ಬಿಟ್ಟುಹೋಗುವುದಿಲ್ಲ.

ಅಷ್ಟಾದರೂ ಆ ಹೊತ್ತಿಗೆ ಬಾಯಿಂದ ‘ಮೈ’ ಬಂದುಬಿಟ್ಟರೆ? ಗಾಬರಿ ಬೇಡ. ‘ಮೈ’ ಮಾತ್ರ ಬಂದಿದೆ, ‘ಸೆಲ್ಫ್’ ಇನ್ನೂ ಬಂದಿಲ್ಲ. ಅಲ್ಲಿಂದಲೇ ‘ಮೈ ನೇಮ್ ಈಸ್ ಸವಿತಾ’ ಎಂದು ತಿರುಗಿಸಿಕೊಳ್ಳಿ. ಯಾರಿಗೂ ಗೊತ್ತಾಗುವುದಿಲ್ಲ. ಈ ತಿರುವನ್ನೂ ಮನೆಯಲ್ಲಿ ಎರಡು ಸಲ ಬೇಕೆಂದೇ ಮಾಡಿ ನೋಡಿಟ್ಟಿರಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತರುಣ ಕೇಳಿದ್ದು: ‘ಸರ್, ಮೇಲ್ ಬರೆಯುವಾಗ “ಮೈಸೆಲ್ಫ್ ಅಂಡ್ ಗಣೇಶ್ ವಿಲ್ ಅಟೆಂಡ್” ಎಂದು ಹಾಕಬಹುದಾ? ಇಂಗ್ಲಿಷ್ ಮನೆಮಾತಿನವರೂ ಹಾಗೆ ಬರೆಯುತ್ತಾರಲ್ಲ.’

ಬರೆಯುತ್ತಾರೆ, ನಿಜ. ‘ಪ್ಲೀಸ್ ಕಾಂಟ್ಯಾಕ್ಟ್ ಗಣೇಶ್ ಆರ್ ಮೈಸೆಲ್ಫ್’ ಎಂದೂ ಬರೆಯುತ್ತಾರೆ. ‘ಐ’ ಸರಿಯೋ ‘ಮಿ’ ಸರಿಯೋ ಎಂಬ ಅನುಮಾನ ಬಂದಾಗ ತಪ್ಪಿಸಿಕೊಳ್ಳಲು ಅವರು ಹಿಡಿಯುವ ದಾರಿ ಅದು. ಎಚ್ಚರದಿಂದ ಬರೆಯುವವರು ಅದನ್ನು ಒಪ್ಪುವುದಿಲ್ಲ. ತಿದ್ದುವುದು ಸುಲಭ. ಗಣೇಶನನ್ನು ಒಂದು ಗಳಿಗೆ ವಾಕ್ಯದಿಂದ ಹೊರಗೆ ನಿಲ್ಲಿಸಿ. ‘ಐ ವಿಲ್ ಅಟೆಂಡ್’, ಆದ್ದರಿಂದ ‘ಗಣೇಶ್ ಅಂಡ್ ಐ ವಿಲ್ ಅಟೆಂಡ್’. ‘ಪ್ಲೀಸ್ ಕಾಂಟ್ಯಾಕ್ಟ್ ಮಿ’, ಆದ್ದರಿಂದ ‘ಕಾಂಟ್ಯಾಕ್ಟ್ ಗಣೇಶ್ ಆರ್ ಮಿ’. ಮೇಲ್ ಬರೆಯುವಾಗ ಪರಿಚಯದ ಮೊದಲ ಸಾಲಿಗೂ ಇದೇ ಲೆಕ್ಕ: ‘ಐ ಆಮ್ ಸವಿತಾ ಫ್ರಮ್ ದಿ ಅಕೌಂಟ್ಸ್ ಸೆಕ್ಷನ್’. ‘ಮೈ ಸೆಲ್ಫ್’ ಎಂದು ಎರಡು ತುಂಡಾಗಿ ಟೈಪ್ ಮಾಡುವ ಅಭ್ಯಾಸವೂ ಇದೆ. ಸರಿಯಾದ ಜಾಗದಲ್ಲಿ ಬಳಸಿದಾಗಲೂ ಅದು ಕೂಡಿಸಿ ಬರೆಯುವ ಒಂದೇ ಶಬ್ದ.

ಹಿರಿಯ ಉದ್ಯೋಗಿಯೊಬ್ಬರು ಕೇಳಿದ್ದು: ‘ಹೊಸಬರು ಎಲ್ಲರ ಎದುರು ಹೀಗೆ ಹೇಳಿದಾಗ ನಾವು ಅಲ್ಲೇ ತಿದ್ದಬೇಕೋ, ಸುಮ್ಮನಿರಬೇಕೋ?’

ಅಲ್ಲಿ ತಿದ್ದಬೇಡಿ. ಹೇಳಿದ್ದು ಎಲ್ಲರಿಗೂ ಅರ್ಥವಾಗಿದೆ, ಸಭೆ ನಿಂತಿಲ್ಲ. ನೀವೇ ಮುಂದಿನ ಸಾಲಿನಲ್ಲಿ ‘ವೆಲ್‌ಕಮ್, ಸವಿತಾ. ಐ ಆಮ್ ಮೋಹನ್, ಐ ಲುಕ್ ಆಫ್ಟರ್ ಪರ್ಚೇಸ್’ ಎಂದು ನಿಮ್ಮ ಪರಿಚಯ ಹೇಳಿ. ಸರಿಯಾದ ರೂಪ ಅವಳ ಕಿವಿಗೆ ಬೀಳುತ್ತದೆ, ಆ ಹೊತ್ತಿಗೆ ಅಷ್ಟು ಸಾಕು. ಮಧ್ಯಾಹ್ನ ಚಹಾ ಕುಡಿಯುವಾಗ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ‘ತಂಗಿ, ಹೆಸರು ಹೇಳುವಾಗ ಐ ಆಮ್ ಅಂತ ಶುರು ಮಾಡು’ ಎಂದು ಒಂದೇ ಮಾತು ಹೇಳಿ. ಕರ್ತೃ, ಕರ್ಮ ಎಂದು ವಿವರಿಸಲು ಹೋಗಬೇಡಿ. ಅವಳು ಏಕೆ ಎಂದು ಕೇಳಿದರೆ ‘ಐ ಸವಿತಾ’ ಎಂದು ಒಮ್ಮೆ ಹೇಳಿ ನೋಡಲು ಹೇಳಿ.